ಮೀಟರ್ ಮೈನಸ್ ತೋರಿಸಿತು, ನಾನು ಕೇಳಲಿಲ್ಲ. ಪ್ರೊಬೇಷನ್ ಮುಗಿಯಲು ಐದು ವಾರ ಇದೆ

ಯಲಬುರ್ಗಾ ಹುಡುಗ

ಎಲ್ಲರಿಗೂ ನಮಸ್ಕಾರ. ಕೊಪ್ಪಳ ಜಿಲ್ಲೆಯ ಒಂದು ಸ್ಪಾಂಜ್ ಐರನ್ ಕಾರ್ಖಾನೆಯಲ್ಲಿ ಶಿಫ್ಟ್ ಇಂಜಿನಿಯರ್ ಆಗಿದ್ದೇನೆ. ಆರು ತಿಂಗಳ ಪ್ರೊಬೇಷನ್. ಇನ್ನು ಐದು ವಾರಕ್ಕೆ ರಿವ್ಯೂ. ಹೋದ ವಾರ ನಡೆದ ಒಂದು ವಿಷಯ ತಲೆಯಿಂದ ಹೋಗುತ್ತಿಲ್ಲ. ಮನೆಯಲ್ಲಿ ಹೇಳಿಲ್ಲ, ಇಲ್ಲಿ ಬರೆಯುತ್ತಿದ್ದೇನೆ.

ಅದಿರು ಕಾಯಿಸುವ ದೊಡ್ಡ ಕುಲುಮೆ, ಕಿಲ್ನ್, ಬಂದ್ ಆಗಿತ್ತು. ಒಳಗೋಡೆಗೆ ಅಂಟಿ ಗಟ್ಟಿಯಾಗುವ ಅಕ್ರೀಷನ್ ಜಾಸ್ತಿ ಕಟ್ಟಿತ್ತು, ಒಡೆಯಬೇಕಿತ್ತು. ಅದರ ಜೊತೆಗೇ ಡಸ್ಟ್ ಸೆಟ್ಲಿಂಗ್ ಚೇಂಬರ್ ಕ್ಲೀನ್ ಮಾಡುವ ಕೆಲಸವೂ ಇತ್ತು. ಕಂಟ್ರಾಕ್ಟರ್ ಕಡೆಯ ಇಬ್ಬರು ಚೇಂಬರ್ ಒಳಗೆ ಇಳಿಯಬೇಕು. ಇಳಿಯುವ ಮೊದಲು ಗ್ಯಾಸ್ ಮೀಟರ್ ಹಿಡಿದು ನೋಡಿ, ಪರ್ಮಿಟ್ ಮೇಲೆ ರೀಡಿಂಗ್ ಬರೆದು ಸಹಿ ಮಾಡಬೇಕು.

ಬೆಳಿಗ್ಗೆ ಆರು ಗಂಟೆಗೆ ಶಿಫ್ಟಿಗೆ ಬಂದಾಗ ನಾನು ಮೀಟರ್ ಆನ್ ಮಾಡಿದ್ದು ಕ್ಯಾಂಟೀನ್ ಹತ್ತಿರ. ಅಲ್ಲಿ ಗ್ಯಾಸ್ ಇರುವ ಪ್ರಶ್ನೆಯೇ ಇಲ್ಲ. ಆದರೆ ಕಾರ್ಬನ್ ಮೊನಾಕ್ಸೈಡ್ ಜಾಗದಲ್ಲಿ −28 ತೋರಿಸಿತು. ಮೈನಸ್ ಹೇಗೆ ಬರುತ್ತೆ ಅಂತ ಒಂದು ಕ್ಷಣ ನಿಂತು ನೋಡಿದೆ. ಆಮೇಲೆ ಅದನ್ನೇ ತೆಗೆದುಕೊಂಡು ಹೋದೆ. ಚೇಂಬರ್ ಬಾಗಿಲಲ್ಲಿ ಮೀಟರ್ ಹಿಡಿದಾಗ 14 ಬಂತು. ನಮ್ಮ ಶಿಫ್ಟ್ ಇನ್‌ಚಾರ್ಜ್ ಸರ್, "14 ಅಂದ್ರೆ ಏನೂ ಇಲ್ಲ, ಬರಿ" ಅಂದರು. ಬರೆದೆ. ಸಹಿ ಮಾಡಿದೆ. ಅವರೂ ಮಾಡಿದರು.

ಅರ್ಧ ಗಂಟೆಗೆ ಇಬ್ಬರೂ ಹೊರಗೆ ಬಂದರು. ಒಬ್ಬ ತಲೆ ಹಿಡಿದುಕೊಂಡು ಕುಳಿತ, ಇನ್ನೊಬ್ಬ ವಾಂತಿ ಮಾಡಿದ. ಬಿಸಿಲಿನ ಝಳ ಅಂತ ಹೇಳಿ ಮಜ್ಜಿಗೆ ಕುಡಿಸಿ ಕೂರಿಸಿದರು.

ಮೈನಸ್ 28ರ ವಿಷಯ ನಾನು ಯಾರಿಗೂ ಹೇಳಲಿಲ್ಲ. ಯಾಕೆ ಅಂದರೆ ಎರಡನೇ ತಿಂಗಳಲ್ಲಿ ಬೆಳಗಿನ ಮೀಟಿಂಗ್‌ನಲ್ಲಿ ಕೂಲರ್ ಬಗ್ಗೆ ಒಂದು ಪ್ರಶ್ನೆ ಕೇಳಿದ್ದೆ. ಸರ್ ನಮಗೆ ಅಂಕ ಹಾಕುವ ಆ ತಿಂಗಳ ಶೀಟಿನಲ್ಲಿ "ನಡವಳಿಕೆ ಸುಧಾರಿಸಬೇಕು" ಅಂತ ಬಂತು. ನನಗಿಂತ ಮುಂಚೆ ಬಂದ ಒಬ್ಬನಿಗೆ ಸರ್ ಜೊತೆ ವಾದ ಮಾಡಿದ ಮೇಲೆ ಮೂರು ತಿಂಗಳು ಪ್ರೊಬೇಷನ್ ಮುಂದೆ ಹಾಕಿದರು. ಅವನು ಕೊನೆಗೆ ಬಿಟ್ಟು ಹೋದ. ತಂಗಿ ಮದುವೆಗೆ ಅಂತ ಅಪ್ಪ ನನ್ನ ಸಂಬಳ ನೋಡಿ ಕೈಸಾಲ ಮಾಡಿದ್ದಾರೆ.

ನನ್ನ ಪ್ರಶ್ನೆ ಇಷ್ಟು. ಮೈನಸ್ ಬಂದದ್ದು ಏನು? ನಾನು ಆಗ ಹೇಗೆ ಕೇಳಬೇಕಿತ್ತು?

ಸಂಡೂರು ಸೀನ

ತಮ್ಮಾ, ಐದು ವಾರ ಅಲ್ವಾ? ಸುಮ್ನೆ ಕಳೆದುಬಿಡು. ಖಾಯಂ ಪತ್ರ ಕೈಗೆ ಬರಲಿ, ಆಮೇಲೆ ಏನು ಬೇಕಾದರೂ ಕೇಳು. ನಾನೂ ಗಣಿ ಕಂಪನಿಯಲ್ಲಿ ಹಾಗೇ ಮಾಡಿದೆ. ಕೆಲಸ ಉಳಿದರೆ ತಾನೇ ಸುಧಾರಣೆ? ಇಬ್ಬರೂ ಆರಾಮ ಇದ್ದಾರಲ್ಲ, ಬಿಡು.

ಕಿಲ್ನ್ ಕಾಕಾ, ಬಳ್ಳಾರಿ

ಸೀನಣ್ಣ, ಸ್ವಲ್ಪ ತಡೆಯಿರಿ. ಮೊದಲು ಮೀಟರ್ ವಿಷಯ ಹೇಳುತ್ತೇನೆ. ಮೂವತ್ತು ವರ್ಷ ಇದೇ ಹೊಗೆಯಲ್ಲಿ ಇದ್ದೆ, ಕೊನೆಯ ಹತ್ತು ವರ್ಷ ಸೇಫ್ಟಿಯಲ್ಲಿ.

ತಮ್ಮಾ, ಮೀಟರಿಗೆ ಸೊನ್ನೆ ಅಂದರೆ ಯಾವುದು ಅಂತ ನಾವೇ ಕಲಿಸಬೇಕು. ಅದಕ್ಕೆ ಫ್ರೆಶ್ ಏರ್ ಜೀರೋ ಅಂತಾರೆ. ಬಟನ್ ಒತ್ತಿದಾಗ ಸುತ್ತ ಇರುವ ಗಾಳಿಯನ್ನೇ ಅದು ಶುದ್ಧ ಗಾಳಿ ಅಂದುಕೊಳ್ಳುತ್ತದೆ. ನಿಮ್ಮ ಹಿಂದಿನ ಶಿಫ್ಟಿನವರು ಯಾರೋ ಕಿಲ್ನ್ ಡಿಸ್ಚಾರ್ಜ್ ಕಡೆ, ಸೀಲ್ ಹತ್ತಿರ ನಿಂತು ಜೀರೋ ಒತ್ತಿದ್ದಾರೆ. ಅಲ್ಲಿ ಆಗ ಸುಮಾರು 28 ಪಿಪಿಎಂ ಇತ್ತು ಅಂತ ಇಟ್ಟುಕೋ. ಮೀಟರ್ ಆ 28ನ್ನೇ ಸೊನ್ನೆ ಅಂತ ಕಲಿಯಿತು. ಕ್ಯಾಂಟೀನಿನ ಒಳ್ಳೆ ಗಾಳಿಗೆ ಬಂದಾಗ −28 ತೋರಿಸಿತು.

ಹಾಗಾದರೆ ಬಾಗಿಲಲ್ಲಿ ನಿನಗೆ ಬಂದ 14, ನಿಜದಲ್ಲಿ 42ರ ಹತ್ತಿರ. ಇನ್ನೊಂದು ಇದೆ, ಅದು ಇದಕ್ಕಿಂತ ಕೆಟ್ಟದ್ದು. ನಿಮ್ಮ ಮೀಟರಿನ ಮೊದಲ ಅಲಾರಂ 35ಕ್ಕೆ ಇಟ್ಟಿದ್ದರೆ, ಅದು ಕೂಗುವುದು ನಿಜವಾದ 63ಕ್ಕೆ. ಅಂದರೆ ಬಾಗಿಲಲ್ಲೇ ಕೂಗಬೇಕಿದ್ದ ಮೀಟರ್ ಸುಮ್ಮನೆ ಇತ್ತು. 1948ರ ಕಾರ್ಖಾನೆ ಕಾಯ್ದೆಯ ಪಟ್ಟಿಯಲ್ಲಿ ಎಂಟು ಗಂಟೆಯ ಕೆಲಸಕ್ಕೆ ಈ ಗ್ಯಾಸಿನ ಮಿತಿ 50 ಪಿಪಿಎಂ ಇತ್ತು.

ನೀನು ನೋಡಿದ್ದು ಅದೃಷ್ಟ. ಎಷ್ಟೋ ಮೀಟರ್ ಮೈನಸ್ ತೋರಿಸುವುದೇ ಇಲ್ಲ, ಸೊನ್ನೆಗೆ ನಿಂತುಬಿಡುತ್ತವೆ. ಆ ಗ್ಯಾಸಿಗೆ ವಾಸನೆ ಇಲ್ಲ, ಬಣ್ಣ ಇಲ್ಲ. ಆ ದಿನ ಇಡೀ ಕಾರ್ಖಾನೆಯಲ್ಲಿ ತಪ್ಪು ಗೊತ್ತಾಗಲು ಇದ್ದದ್ದು ಆ ಒಂದು ಮೈನಸ್ ಗುರುತು. ಅದನ್ನು ಕಂಡವನು ನೀನೊಬ್ಬನೇ.

ಯಲಬುರ್ಗಾ ಹುಡುಗ

ಕಾಕಾ, ಓದಿ ಕೈ ನಡುಗಿತು. ಹಾಗಾದರೆ ಅವರಿಬ್ಬರಿಗೆ ಆದದ್ದು ಗ್ಯಾಸಿನಿಂದಲೇನಾ?

ಕಿಲ್ನ್ ಕಾಕಾ, ಬಳ್ಳಾರಿ

ಅದನ್ನು ಈಗ ಹೇಳಲು ಬರುವುದಿಲ್ಲ. 42ರಲ್ಲಿ ಅರ್ಧ ಗಂಟೆ ಇದ್ದರೆ ವಾಂತಿ ಬರುವುದಿಲ್ಲ. ತಲೆನೋವು ಶುರುವಾಗಲು ಸಾಮಾನ್ಯವಾಗಿ 200ರಲ್ಲಿ ಎರಡು ಮೂರು ಗಂಟೆ ಬೇಕು. ಆದರೆ ನೀನು ಅಳೆದದ್ದು ಬಾಗಿಲಲ್ಲಿ. ಚೇಂಬರ್ ತಳದಲ್ಲಿ ಬೂದಿ ಜೊತೆ ಅರ್ಧ ಸುಟ್ಟ ಚಾರ್ ಇರುತ್ತದೆ. ಮೇಲೆ ತಣ್ಣಗೆ ಕಂಡರೂ ಒಳಗೆ ಕೆಂಡ ಇರುತ್ತದೆ. ಸಲಿಕೆ ಹಾಕಿ ಕೆದಕಿದ ಕೂಡಲೇ ಗ್ಯಾಸ್ ಏಳುತ್ತದೆ. ಪೈಪ್ ಇಳಿಬಿಟ್ಟು ಮೇಲೆ, ನಡುವೆ, ಕೆಳಗೆ ಮೂರು ಕಡೆ ಓದಬೇಕಿತ್ತು. ಕೆಲಸ ನಡೆಯುವಾಗ ಮತ್ತೆ ಓದಬೇಕಿತ್ತು. ಅದೂ ಅಲ್ಲದೆ ಬರೀ ಸೆಕೆಯಿಂದಲೂ ವಾಂತಿ ಆಗುತ್ತದೆ. ಅವತ್ತೇ ರಕ್ತ ಪರೀಕ್ಷೆ ಮಾಡಿಸಿದ್ದರೆ ಗೊತ್ತಾಗುತ್ತಿತ್ತು. ಹೊರಗೆ ಬಂದು ಒಳ್ಳೆ ಗಾಳಿ ಉಸಿರಾಡಿದರೆ ನಾಲ್ಕೈದು ಗಂಟೆಗೆ ಅರ್ಧದಷ್ಟು ಇಳಿದುಬಿಡುತ್ತದೆ. ಈಗ ಅದರ ಗುರುತು ಉಳಿದಿರುವುದಿಲ್ಲ.

ಮಂಜುಳಾ, ಸಿಂಧನೂರು

ನಾನು ಎಂಟು ವರ್ಷದಿಂದ ಎಚ್‌ಆರ್ ಕೆಲಸ ಮಾಡುತ್ತಿದ್ದೇನೆ. ತಮ್ಮಾ, ನೀನು ಇಷ್ಟು ಹೆದರಬೇಕಾಗಿಲ್ಲ. ಆರು ತಿಂಗಳು ಮುಗಿದು, ಅವರು ಯಾವ ಪತ್ರವನ್ನೂ ಕೊಡದೇ ಇದ್ದರೆ ನೀನು ತಾನಾಗಿಯೇ ಖಾಯಂ. ಆಮೇಲೆ ಯಾರೂ ಏನೂ ಮಾಡಲು ಆಗಲ್ಲ. ಮತ್ತೆ, ಕಾರಣ ಹೇಳದೆ ತೆಗೆಯುವ ಹಾಗೂ ಇಲ್ಲ.

ಆದರೆ ಒಂದು ಮಾತು. ಮೀಟಿಂಗ್‌ನಲ್ಲಿ ಎಲ್ಲರ ಮುಂದೆ ಕೇಳಿದ್ದು ತಪ್ಪಾಯಿತು. ಮೇಲಿನವರಿಗೆ ಅವಮಾನ ಆಗುತ್ತೆ. ಒಬ್ಬರೇ ಇದ್ದಾಗ ಕೇಳಬೇಕಿತ್ತು.

ರಾಯಚೂರು ವಕೀಲ

ಮಂಜುಳಾ ಅವರೇ, ಮೊದಲ ಮಾತು ಎಲ್ಲ ಕಡೆ ಸರಿ ಹೋಗುವುದಿಲ್ಲ. ಇದನ್ನು ನಂಬಿ ಆರು ತಿಂಗಳ ಮರುದಿನ ಗಟ್ಟಿಯಾಗಿ ಮಾತಾಡಿ ಕೆಲಸ ಕಳೆದುಕೊಂಡವರು ನನ್ನ ಹತ್ತಿರ ಬಂದಿದ್ದಾರೆ.

ನೇಮಕ ಪತ್ರದಲ್ಲಿ "ಬರೆದು ಖಾಯಂ ಮಾಡುವವರೆಗೆ ಪ್ರೊಬೇಷನ್ ಮುಂದುವರಿಯುತ್ತದೆ" ಅಂತ ಒಂದು ಸಾಲು ಇರುತ್ತದೆ. ಅದು ಇದ್ದರೆ ದಿನ ಕಳೆದ ಮಾತ್ರಕ್ಕೆ ಖಾಯಂ ಆಗುವುದು ಕಷ್ಟ. ನಿಯಮದಲ್ಲೇ "ಇಷ್ಟಕ್ಕಿಂತ ಹೆಚ್ಚು ಪ್ರೊಬೇಷನ್ ಇಲ್ಲ" ಅಂತ ಗಡಿ ಹಾಕಿದ್ದು, ಆ ಗಡಿ ದಾಟಿಯೂ ಕೆಲಸದಲ್ಲಿ ಇಟ್ಟುಕೊಂಡಿದ್ದರೆ ಮಾತು ಬೇರೆ. ಸುಪ್ರೀಂ ಕೋರ್ಟ್ 1968ರಲ್ಲಿ ಧರಂ ಸಿಂಗ್ ಪ್ರಕರಣದಲ್ಲಿ ಹೇಳಿದ್ದು ಅದನ್ನು. ಹಾಗಾಗಿ ಹುಡುಗ ಮೊದಲು ತನ್ನ ಪತ್ರ, ಆಮೇಲೆ ಕಾರ್ಖಾನೆಯ ಸ್ಟ್ಯಾಂಡಿಂಗ್ ಆರ್ಡರ್ ಓದಬೇಕು.

ಇನ್ನೊಂದು ತೀರ್ಪು ಇದೆ, 1989ರ ಸುಮತಿ ಶೇರೆ ಪ್ರಕರಣ. ಕೆಲಸ ಸರಿ ಇಲ್ಲ ಅಂತ ತೆಗೆಯುವುದಾದರೆ, ಏನು ಸರಿ ಇಲ್ಲ ಅಂತ ಮೊದಲೇ ತಿಳಿಸಬೇಕು, ತಿದ್ದಿಕೊಳ್ಳಲು ಅವಕಾಶ ಕೊಡಬೇಕು ಅಂತ ಅಲ್ಲಿ ಹೇಳಿದರು. ಅದು ಸರ್ಕಾರಿ ಸೇವೆಯಲ್ಲಿದ್ದ ವೈದ್ಯೆಯ ವಿಷಯ, ಖಾಸಗಿ ಕಾರ್ಖಾನೆಗೆ ನೇರವಾಗಿ ತಂದು ಹಚ್ಚಲು ಬರುವುದಿಲ್ಲ. ಆದರೂ ಅದರಿಂದ ಒಂದು ಕೆಲಸ ಆಗುತ್ತದೆ. "ನಡವಳಿಕೆ ಸುಧಾರಿಸಬೇಕು" ಅಂತ ಬರೆದಿದ್ದಾರಲ್ಲ, ಯಾವ ನಡವಳಿಕೆ, ಯಾವ ದಿನ, ಏನು ಮಾಡಿದರೆ ಸುಧಾರಿಸಿದ ಹಾಗೆ ಅಂತ ಮರ್ಯಾದೆಯಿಂದ ಒಂದು ಇಮೇಲ್ ಹಾಕಿ ಕೇಳು. ಜಗಳ ಬೇಡ. ಪ್ರಶ್ನೆ ಕೇಳಿದ್ದೇ ತಪ್ಪು ಅಂತ ಬರವಣಿಗೆಯಲ್ಲಿ ಹಾಕಲು ಯಾರಿಗೂ ಧೈರ್ಯ ಬರುವುದಿಲ್ಲ.

ದೇವದುರ್ಗದ ಟೀಚರ್

ನಾನು ಸರ್ಕಾರಿ ಶಾಲೆಯವಳು. ನಮ್ಮಲ್ಲಿ 1977ರ ಪ್ರೊಬೇಷನ್ ನಿಯಮ. ಎರಡು ವರ್ಷ ಕಡಿಮೆ ಇಲ್ಲ. ಎರಡು ವರ್ಷ ಮುಗಿದರೂ ಆದೇಶ ಕೈಗೆ ಬರುವವರೆಗೆ ಮುಗಿದ ಲೆಕ್ಕ ಅಲ್ಲ. ಆದೇಶ ತಡವಾದರೂ ಅಷ್ಟೇ. ನನಗೆ ಬಂದದ್ದು ಮೂರು ವರ್ಷದ ಮೇಲೆ.

ಬಿಸಿಯೂಟದ ಲೆಕ್ಕದಲ್ಲಿ ಬಂದ ಮಕ್ಕಳಿಗಿಂತ ಜಾಸ್ತಿ ಬರೆಯುತ್ತಿದ್ದರು. ಮೊದಲ ವಾರವೇ ನನಗೆ ಕಂಡಿತು. ನನ್ನ ತರಗತಿಯಲ್ಲಿ 31 ಮಕ್ಕಳು ಕುಳಿತಿದ್ದರೆ ಪುಸ್ತಕದಲ್ಲಿ 38. ಆದೇಶ ಬರಲಿ, ಆಮೇಲೆ ಕೇಳೋಣ ಅಂದುಕೊಂಡೆ. ಆದೇಶ ಬಂದಾಗ ಏನಾಗಿತ್ತು ಗೊತ್ತಾ? ಆ ಪುಸ್ತಕದಲ್ಲಿ ಮೂರು ವರ್ಷದ ನನ್ನ ಸಹಿಗಳೇ ಇದ್ದವು. ಈಗ ಕೇಳಿದರೆ ಮೊದಲು ಸಿಕ್ಕಿಬೀಳುವವಳು ನಾನೇ. ಸೀನಣ್ಣ ಹೇಳಿದ "ಆಮೇಲೆ ಕೇಳು" ಅನ್ನುವುದು ನನ್ನ ಪಾಲಿಗೆ ಬರಲೇ ಇಲ್ಲ.

ತಮ್ಮಾ, ನೀನು ನಿಮ್ಮ ಸರ್ ಮೇಲೆ ದೊಡ್ಡ ಸಾಹೇಬರಿಗೆ ದೂರು ಕೊಡಬೇಕು ಅಂತಿದ್ದೀಯಲ್ಲ, ಹೆಸರು ಹಾಕದೆ ಕೊಡು.

ಯಲಬುರ್ಗಾ ಹುಡುಗ

ಅಕ್ಕಾ, ದೂರು ಕೊಡಬೇಕು ಅಂತ ಇಲ್ಲ. ಸರ್ ಕೆಟ್ಟವರಲ್ಲ, ಕೆಲಸ ಚೆನ್ನಾಗಿ ಗೊತ್ತು. ಅವತ್ತು ಕೇಳಿದ್ದರೆ ಬಹುಶಃ ಮೀಟರ್ ಬದಲಾಯಿಸುತ್ತಿದ್ದರು. ಅದೇ ನನ್ನನ್ನು ಹೆಚ್ಚು ಕೊರೆಯುತ್ತಿದೆ. ನಾನು ಯಾರಿಗೆ ಕೇಳಬೇಕೋ ಅವರೇ ನನ್ನ ಶೀಟ್ ತುಂಬುವವರು. ಆ ಒಂದು ಕ್ಷಣದಲ್ಲಿ ಮೀಟರ್ ಬಗ್ಗೆ ಯೋಚಿಸಲೇ ಇಲ್ಲ. ಇದನ್ನು ಕೇಳಿದರೆ ದಡ್ಡ ಅಂದುಕೊಳ್ತಾರಾ, ಇಲ್ಲ ಅವರ ಮಾತಿಗೆ ಅಡ್ಡ ಬಂದೆ ಅಂದುಕೊಳ್ತಾರಾ, ಇದೇ ಲೆಕ್ಕ ನಡೆದಿತ್ತು.

ಅಕ್ಕ, ನಿಮ್ಮ ಸಹಿಯ ಮಾತು ನನಗೂ ಬಡಿಯಿತು. ಆ ಪರ್ಮಿಟ್ ಮೇಲೆ ನನ್ನದೂ ಇದೆ.

ತೋರಣಗಲ್ಲು ರಸ್ತೆ

ನಾನು ಆ ಶೀಟ್ ತುಂಬುವವನು. ಬೇರೆ ಕಾರ್ಖಾನೆ, ಆದರೆ ಫಾರ್ಮ್ ಎಲ್ಲ ಕಡೆ ಹೆಚ್ಚು ಕಡಿಮೆ ಒಂದೇ. ಹಾಜರಾತಿ, ಕೆಲಸದ ತಿಳಿವಳಿಕೆ, ಹೇಳಿದ್ದು ಮುಗಿಸುವುದು, ಎಲ್ಲರ ಜೊತೆ ಹೊಂದಿಕೊಳ್ಳುವುದು, ನಡವಳಿಕೆ. ಒಂದೊಂದಕ್ಕೂ ಐದು ಅಂಕ.

ತಿಂಗಳ ಕೊನೆಯ ದಿನ ಹನ್ನೆರಡು ಜನರದ್ದು ಒಟ್ಟಿಗೆ ಕುಳಿತು ತುಂಬುತ್ತೇನೆ. ಯಾರು ಏನು ಕೇಳಿದರು ಅನ್ನುವುದು ನೆನಪಿರುತ್ತದೆ. ಯಾರು ಏನು ಕೇಳದೇ ಉಳಿದರು ಅನ್ನುವುದು ನನಗೆ ಗೊತ್ತಾಗುವುದೇ ಇಲ್ಲ. ಸುಮ್ನೆ ಇದ್ದವನಿಗೆ ಹೊಂದಾಣಿಕೆಯಲ್ಲಿ ನಾಲ್ಕು ಹಾಕಿ ಮುಂದೆ ಹೋಗುತ್ತೇನೆ. ಕೇಳಿದವನ ಹೆಸರು ಬಂದಾಗ ಮಾತ್ರ ಪೆನ್ ನಿಲ್ಲುತ್ತದೆ. ಇದನ್ನು ಒಪ್ಪಿಕೊಳ್ಳಲು ನನಗೆ ನಾಲ್ಕು ವರ್ಷ ಬೇಕಾಯಿತು.

ಈಗ ನಮ್ಮ ಶಿಫ್ಟಿನಲ್ಲಿ ಒಂದು ಬದಲಾವಣೆ ಮಾಡಿದ್ದೇನೆ. ಪರ್ಮಿಟ್ ಬರೆಯುವಾಗ ಹೊಸಬನೇ ಮೊದಲು ರೀಡಿಂಗ್ ಜೋರಾಗಿ ಹೇಳಬೇಕು, ನಾನು ಆಮೇಲೆ ನೋಡುತ್ತೇನೆ. ನಾನು ಮೊದಲು "ಏನೂ ಇಲ್ಲ" ಅಂದುಬಿಟ್ಟರೆ ಅವನಿಗೆ ಉಳಿಯುವುದು ನನ್ನ ಮಾತಿಗೆ ಇಲ್ಲ ಅನ್ನುವ ಕೆಲಸ. ಅದನ್ನು ಪ್ರೊಬೇಷನ್‌ನಲ್ಲಿ ಯಾರೂ ಮಾಡುವುದಿಲ್ಲ. ಪರ್ಮಿಟ್ ಹಾಳೆಯಲ್ಲಿ ಇನ್ನೊಂದು ಸಾಲು ಸೇರಿಸಿದೆವು: ಹೊರಗಿನ ಗಾಳಿಯಲ್ಲಿ ಮೀಟರ್ ಎಷ್ಟು ತೋರಿಸಿತು? ಆ ಪ್ರಶ್ನೆಯನ್ನು ಹುಡುಗ ಕೇಳಬೇಕಾಗಿಲ್ಲ, ಹಾಳೆಯೇ ಕೇಳುತ್ತದೆ.

ಎಲ್ಲವೂ ಸರಿ ಹೋಗಿಲ್ಲ. ಶಿಫ್ಟ್ ಬದಲಾಗುವಾಗ "ಇವತ್ತು ಏನಾದರೂ ವಿಚಿತ್ರ ಕಂಡಿತಾ" ಅಂತ ಎಲ್ಲರಿಗೂ ಕೇಳಲು ಶುರು ಮಾಡಿದೆ. ಒಂದು ತಿಂಗಳು ಬಲ್ಬ್ ಹೋಗಿದೆ, ನಲ್ಲಿ ಸೋರುತ್ತಿದೆ ಅಂತಲೇ ಹೇಳಿದರು. ನನಗೆ ಬೇಜಾರಾಗದ ವಿಷಯವನ್ನೇ ಆರಿಸಿ ಹೇಳುತ್ತಿದ್ದರು. ಶೀಟ್ ನನ್ನ ಕೈಯಲ್ಲಿ ಇರುವವರೆಗೆ ಅದು ಪೂರ್ತಿ ಹೋಗುತ್ತೆ ಅಂತ ನನಗೆ ಅನ್ನಿಸುವುದಿಲ್ಲ.

ಸಂಡೂರು ಸೀನ

ಟೀಚರ್ ಅವರ ಮಾತು ಓದಿದ ಮೇಲೆ ನನಗೂ ಯೋಚನೆ ಬಂತು. ನಿಜ ಹೇಳಬೇಕೆಂದರೆ ಖಾಯಂ ಆದಮೇಲೆ ನಾನೂ ಏನೂ ಕೇಳಲಿಲ್ಲ. ಆರು ತಿಂಗಳು ಸುಮ್ಮನಿದ್ದವನು ಏಳನೇ ತಿಂಗಳು ಕೇಳಿದರೆ, "ಇಷ್ಟು ದಿನ ನಿನಗೆ ಕಾಣಲಿಲ್ವಾ" ಅಂತಾರಲ್ಲ. ಆಮೇಲೆ ಪ್ರಮೋಷನ್, ಆಮೇಲೆ ಇನ್‌ಕ್ರಿಮೆಂಟ್. ಆದರೂ ಸಂಬಳದ ಮೇಲೆ ಮನೆ ನಿಂತಿರುವ ಹುಡುಗನಿಗೆ ಧೈರ್ಯವಾಗಿ ಕೇಳು ಅಂತ ಹೇಳಲು ನನಗೆ ಬಾಯಿ ಬರುವುದಿಲ್ಲ.

ಕಿಲ್ನ್ ಕಾಕಾ, ಬಳ್ಳಾರಿ

ಧೈರ್ಯದ ಮಾತು ಬಿಡೋಣ. ಅವನು ಕೇಳಿದ್ದು ಹೇಗೆ ಕೇಳಬೇಕಿತ್ತು ಅಂತ.

"ಸರ್, ಇದು ಸರಿ ಇಲ್ಲ ಅನ್ಸುತ್ತೆ" ಅಂದರೆ ಅವರಿಗೆ ಕೇಳಿಸುವುದು "ನೀವು ಸರಿ ಇಲ್ಲ" ಅಂತ. ಮೀಟರನ್ನು ಅವರ ಕೈಗೆ ಕೊಟ್ಟು, "ಸರ್, ಮೂರನೇ ನಂಬರ್ ಮೀಟರ್ ಕ್ಯಾಂಟೀನ್ ಹತ್ತಿರ ಮೈನಸ್ 28 ತೋರಿಸಿತು, ಒಂದು ಸಲ ಬಂಪ್ ಮಾಡಿ ಓದಲಾ?" ಅನ್ನು. ಬಂಪ್ ಟೆಸ್ಟಿಗೆ ಒಂದು ನಿಮಿಷ ಸಾಕು. 100 ಪಿಪಿಎಂ ಇರುವ ಸಣ್ಣ ಸಿಲಿಂಡರ್ ಹಚ್ಚಿದರೆ 100ರ ಹತ್ತಿರ ಬರಬೇಕು, ಅಲಾರಂ ಕೂಗಬೇಕು. ನಿಮ್ಮ ಮೀಟರ್ 72ರ ಹತ್ತಿರ ನಿಲ್ಲುತ್ತಿತ್ತು. ಸರ್ ಅದನ್ನು ತಮ್ಮ ಕಣ್ಣಾರೆ ನೋಡುತ್ತಿದ್ದರು. ನೀನು ಅವರ ಮಾತಿಗೆ ಎದುರು ಹೇಳುವ ಪ್ರಮೇಯವೇ ಬರುತ್ತಿರಲಿಲ್ಲ.

ಎರಡನೆಯದು ಲಾಗ್ ಬುಕ್. ಬಂದ ಕೂಡಲೇ ಬರೆ: 6.10, ಮೀಟರ್ 3, ಹೊರಗಿನ ಗಾಳಿಯಲ್ಲಿ ಮೈನಸ್ 28. ಅಷ್ಟೇ. ಯಾರ ಹೆಸರೂ ಬೇಡ, ಅಭಿಪ್ರಾಯವೂ ಬೇಡ. ಅದು ದೂರು ಅಲ್ಲ, ರೀಡಿಂಗ್.

ಮಂಜುಳಾ ಅವರೇ, ಒಬ್ಬರೇ ಇದ್ದಾಗ ಕೇಳು ಅಂದಿರಿ. ಕೂಲರ್ ವಿಷಯಕ್ಕೆ ಅದು ಸರಿ. ಜನ ಬಾಗಿಲಲ್ಲಿ ಕಾಲಿಟ್ಟು ನಿಂತಿರುವಾಗ ಒಬ್ಬರೇ ಸಿಗುವ ಹೊತ್ತಿಗೆ ಕಾಯಲು ಆಗುವುದಿಲ್ಲ.

ಸಹಿ ಬಗ್ಗೆ ಒಂದು ಮಾತು. ಇಂಥ ಜಾಗಕ್ಕೆ ಇಳಿಸುವಾಗ ಪರೀಕ್ಷೆ ಮಾಡಿದವನೇ ಬರೆದು ಕೊಡಬೇಕು ಅನ್ನುವುದು 1948ರ ಕಾರ್ಖಾನೆ ಕಾಯ್ದೆಯ 36ನೇ ಕಲಮಿನ ಕಾಲದಿಂದ ಇರುವ ನಿಯಮ. ನೀನು ಓದಿದ ಸಂಖ್ಯೆಗೆ ನೀನು ಸಹಿ ಮಾಡಿದೆ. ಆ ಸಂಖ್ಯೆ ಮೇಲೆ ನಿನಗೇ ಅನುಮಾನ ಇತ್ತು. ಇನ್ನು ಮುಂದೆ ಅನುಮಾನ ಇದ್ದರೆ ಸಹಿ ಬೇಡ. ಇದರಿಂದ ನಿನ್ನ ಕೆಲಸಕ್ಕೆ ತೊಂದರೆ ಆಗುವುದೇ ಇಲ್ಲ ಅಂತ ನಾನು ಮಾತು ಕೊಡಲಾರೆ. ಆಗಬಹುದು.

ಮಂಜುಳಾ, ಸಿಂಧನೂರು

ಕಾಕಾ ಹೇಳಿದ್ದು ಒಪ್ಪಿದೆ. ಖಾಯಂ ವಿಷಯದಲ್ಲಿ ವಕೀಲರು ಹೇಳಿದ್ದೂ ಸರಿ, ನಾನು ನಮ್ಮ ಕಂಪನಿಯ ಪತ್ರ ನೋಡಿ ಎಲ್ಲ ಕಡೆ ಹಾಗೇ ಅಂದುಕೊಂಡಿದ್ದೆ. ನಮ್ಮಲ್ಲಿ ಮೂರನೇ ತಿಂಗಳಿಗೆ ಎಚ್‌ಆರ್‌ನವರೇ ಒಮ್ಮೆ ಕರೆದು ಮಾತಾಡುತ್ತೇವೆ. ಆದರೆ ಆ ಮಾತುಕತೆಗೂ ಮೊದಲು ಅವರ ಮ್ಯಾನೇಜರ್ ಕೊಟ್ಟ ಶೀಟ್ ನಮ್ಮ ಮುಂದೆ ಇರುತ್ತದೆ. ಹುಡುಗರು ಅದನ್ನು ನೋಡುತ್ತಲೇ ಮಾತಾಡುತ್ತಾರೆ ಅಂತ ಈಗ ಹೊಳೆಯುತ್ತಿದೆ. ಮುಂದಿನ ಸಲ ಶೀಟ್ ಇಲ್ಲದೆ ಕುಳಿತು ನೋಡುತ್ತೇನೆ.

ಯಲಬುರ್ಗಾ ಹುಡುಗ (ಹನ್ನೆರಡು ದಿನದ ನಂತರ)

ನಡೆದದ್ದು ಹೇಳುತ್ತೇನೆ.

ಮರುದಿನವೇ ಮೀಟರ್ ಮತ್ತೆ ಹೊರಗೆ ಆನ್ ಮಾಡಿದೆ. −26. ಲಾಗ್ ಬುಕ್‌ನಲ್ಲಿ ಬರೆದೆ. ಕೈ ಬೆವರಿತ್ತು. ಸರ್ ಬಂದು ಓದಿದರು, ಏನೂ ಅನ್ನಲಿಲ್ಲ. ಮೀಟರ್ ತೆಗೆದುಕೊಂಡು ಹೋಗಿ ಕ್ಯಾಲಿಬ್ರೇಷನ್‌ಗೆ ಕಳಿಸಿದರು. ಸಂಜೆ ಮಾತ್ರ, "ಬರೆಯುವ ಮೊದಲು ನನಗೆ ಒಂದು ಮಾತು ಹೇಳಬೇಕಿತ್ತು" ಅಂದರು. ಅದು ಸಿಟ್ಟೋ, ಬುದ್ಧಿಮಾತೋ ನನಗೆ ತಿಳಿಯಲಿಲ್ಲ. ಆಗ ಚೇಂಬರ್ ದಿನದ −28 ಕೂಡ ಹೇಳಿಬಿಟ್ಟೆ. ಸರ್ ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಅವತ್ತೇ ಯಾಕೆ ಹೇಳಲಿಲ್ಲ?" ಅಂದರು. ರಿವ್ಯೂ ಇದೆ ಅಂತ ಹೆದರಿದೆ ಸರ್ ಅಂದೆ. ಅವರು ಉತ್ತರ ಕೊಡಲಿಲ್ಲ.

ಇಮೇಲ್ ಕೂಡ ಹಾಕಿದ್ದೇನೆ, ವಕೀಲರು ಹೇಳಿದ ಹಾಗೆ. ಉತ್ತರ ಬಂದಿಲ್ಲ. ಪತ್ರದಲ್ಲಿ ಆ "ಬರೆದು ಖಾಯಂ ಮಾಡುವವರೆಗೆ" ಅನ್ನುವ ಸಾಲು ಇದೆ.

ಇಳಿದವರಿಬ್ಬರಲ್ಲಿ ಒಬ್ಬರ ನಂಬರ್ ಇತ್ತು. ಕುಷ್ಟಗಿ ಕಡೆಯವರು. ಫೋನ್ ಮಾಡಿದೆ. ಆವತ್ತು ರಾತ್ರಿಯೂ ತಲೆ ಸಿಡಿಯುತ್ತಿತ್ತಂತೆ, ಮರುದಿನ ಸರಿ ಹೋಯಿತಂತೆ. ಈಗ ಬೇರೆ ಕಾರ್ಖಾನೆಯ ಶಟ್‌ಡೌನ್‌ನಲ್ಲಿ ಇದ್ದಾರೆ. ಮೀಟರ್ ವಿಷಯ ಎಲ್ಲ ಹೇಳಿ ತಪ್ಪಾಯಿತು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಲ್ಲಿಯ ಮೀಟರ್ ಯಾರು ನೋಡ್ತಾರೋ ಗೊತ್ತಿಲ್ರೀ ಸಾಹೇಬ್ರೆ, ಇಲ್ಲೂ ಒಬ್ಬ ಹೊಸ ಹುಡುಗನೇ ಹಿಡಿದು ನಿಂತಿರ್ತಾನೆ" ಅಂದರು.

ಕಿಲ್ನ್ ಕಾಕಾ, ಬಳ್ಳಾರಿ

ಆ ಕಾರ್ಖಾನೆ ಯಾವುದು ಅಂತ ಇಲ್ಲಿ ಹಾಕಬೇಡ, ನನಗೆ ಖಾಸಗಿಯಾಗಿ ಕಳಿಸು. ಅಲ್ಲಿಯ ಸೇಫ್ಟಿಯಲ್ಲಿ ನನಗೆ ಗೊತ್ತಿರುವವರು ಇದ್ದರೆ ಇವತ್ತೇ ಮಾತಾಡುತ್ತೇನೆ. ಅವರಿಗೆ ಮತ್ತೆ ಫೋನ್ ಮಾಡಿ ಒಂದು ಹೇಳು: ಒಳಗೆ ಇಳಿಯುವ ಮೊದಲು, ಈ ಮೀಟರ್ ಹೊರಗೆ ಎಷ್ಟು ತೋರಿಸಿತು ಅಂತ ಆ ಹುಡುಗನಿಗೆ ಅವರೇ ಕೇಳಲಿ.

ಯಲಬುರ್ಗಾ ಹುಡುಗ

ಕಳಿಸಿದೆ ಕಾಕಾ. ಅವರಿಗೆ ಈಗಲೇ ಮಾಡುತ್ತೇನೆ. ನನ್ನ ರಿವ್ಯೂ ಮುಂದಿನ ತಿಂಗಳು 4ಕ್ಕೆ.